ರಾಹುವಾರ ಏಕಿಲ್ಲ?

ನವಗ್ರಹಗಳ ಗುಡಿಯಲ್ಲಿ ಒಂಬತ್ತು ವಿಗ್ರಹಗಳನ್ನು ಸುತ್ತುತ್ತೇವೆ. ವಾರದಲ್ಲಿ ಮಾತ್ರ ದಿನಗಳು ಏಳೇ. ರಾಹುವಿಗೆ ದಿನಕ್ಕೆ ಒಂದೂವರೆ ಗಂಟೆಯ ರಾಹುಕಾಲ ಸಿಕ್ಕಿತೇ ಹೊರತು ಒಂದು ದಿನ ಸಿಗಲಿಲ್ಲ. ಕೇತುವಿಗೂ ಅಷ್ಟೇ. ಇವೆರಡು ಕಣ್ಣಿಗೆ ಕಾಣುವ ಕಾಯಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಅಡ್ಡಹಾಯುವ ಎರಡು ಜಾಗಗಳು. ನಕ್ಷತ್ರಗಳ ನಡುವೆ ಸರಿಯುತ್ತಾ ಹೋಗುವುದು ಬರಿಗಣ್ಣಿಗೆ ಸುಲಭವಾಗಿ ಕಾಣುವಂಥವು ಸೂರ್ಯ, ಚಂದ್ರ ಮತ್ತು ಐದು ಗ್ರಹಗಳು. ವಾರದ ಹೆಸರುಗಳು ಅವುಗಳವೇ.

ಇಲ್ಲಿಯವರೆಗೆ ಸರಳ. ತೊಡಕಿರುವುದು ಅನುಕ್ರಮದಲ್ಲಿ. ರವಿಯಾದ ಮೇಲೆ ಸೋಮ, ಆಮೇಲೆ ಮಂಗಳ, ಬುಧ, ಗುರು, ಶುಕ್ರ, ಶನಿ. ಇದು ಹೊಳಪಿನ ಕ್ರಮವಲ್ಲ, ದೂರದ ಕ್ರಮವೂ ಅಲ್ಲ. ಹಳೆಯ ಖಗೋಳಜ್ಞರು ಗ್ರಹಗಳನ್ನು ವೇಗ ನೋಡಿ ಜೋಡಿಸುತ್ತಿದ್ದರು. ಆಕಾಶವನ್ನು ಒಂದು ಸುತ್ತು ಬರಲು ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಗುರುವಿಗೆ ಸುಮಾರು 12 ವರ್ಷ, ಚಂದ್ರನಿಗೆ 27 ದಿನ ಸಾಕು. ನಿಧಾನದವನಿಂದ ಚುರುಕಿನವನ ಕಡೆಗೆ ಅವರ ಸಾಲು ಹೀಗೆ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ.

ಈ ಸಾಲು ವಾರವಾದದ್ದು ಒಂದು ಲೆಕ್ಕದಿಂದ. ಹಗಲು ರಾತ್ರಿ ಸೇರಿ 24 ಗಂಟೆ. ಒಂದೊಂದು ಗಂಟೆಗೆ ಒಬ್ಬೊಬ್ಬ ಗ್ರಹ ಒಡೆಯ. ದಿನದ ಮೊದಲ ಗಂಟೆಯ ಒಡೆಯ ಯಾರೋ ಇಡೀ ದಿನಕ್ಕೆ ಅವನ ಹೆಸರು. ಬೆರಳು ಮಡಿಸಿ ನೋಡಿ. ಶನಿವಾರದ ಮೊದಲ ಗಂಟೆ ಶನಿಯದು. ಏಳು ಗಂಟೆಗೊಮ್ಮೆ ಸರದಿ ಅವನಿಗೇ ಮರಳುವುದರಿಂದ ಎಂಟನೆಯದು, ಹದಿನೈದನೆಯದು, ಇಪ್ಪತ್ತೆರಡನೆಯದು ಕೂಡ ಅವನವೇ. ಇಪ್ಪತ್ಮೂರನೆಯದು ಗುರುವಿಗೆ, ಇಪ್ಪತ್ನಾಲ್ಕನೆಯದು ಮಂಗಳನಿಗೆ. ದಿನ ಮುಗಿಯಿತು. ಮರುದಿನದ ಮೊದಲ ಗಂಟೆ ಸಾಲಿನಲ್ಲಿ ಮುಂದಿರುವ ರವಿಗೆ ಹೋಗುತ್ತದೆ: ಭಾನುವಾರ. ಇದೇ ರೀತಿ ಎಣಿಸಿದರೆ ಅದರ ಮರುದಿನ ಚಂದ್ರನದು, ಆಮೇಲಿನದು ಮಂಗಳನದು. 24ರಲ್ಲಿ ಏಳರ ಮೂರು ಸುತ್ತು ಕಳೆದರೆ ಮೂರು ಉಳಿಯುತ್ತದಲ್ಲ, ಗುಟ್ಟೆಲ್ಲ ಆ ಮೂರರಲ್ಲಿದೆ.

ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಇದನ್ನೇ ಸೂತ್ರವಾಗಿ ಹೇಳಿದ್ದಾನೆ: ವೇಗದ ಕ್ರಮದಲ್ಲಿ ಎಣಿಸಿದಾಗ ಬರುವ ನಾಲ್ಕನೆಯವನು ಮುಂದಿನ ದಿನದ ಅಧಿಪತಿ. ಈ ಗಂಟೆಗೆ ಅವನು ಬಳಸುವ 'ಹೋರಾ' ಎಂಬ ಪದ ಗ್ರೀಕಿನಿಂದ ಬಂದದ್ದು. ನಮ್ಮ ಪಂಚಾಂಗಗಳಲ್ಲಿ ಹೋರೆಯ ಕೋಷ್ಟಕ ಇಂದಿಗೂ ಅಚ್ಚಾಗುತ್ತದೆ. ನಮ್ಮದೇ 60 ಗಳಿಗೆಗಳನ್ನು ಇದೇ ಸಾಲಿಗೆ ಹಂಚಿದ್ದರೆ ಉಳಿಯುತ್ತಿದ್ದದ್ದು ನಾಲ್ಕು. ಆಗ ಶನಿವಾರದ ಮರುದಿನ ಶುಕ್ರವಾರ, ಅದರ ಮರುದಿನ ಗುರುವಾರ, ಹೀಗೆ ವಾರವೇ ಹಿಮ್ಮುಖವಾಗಿ ನಡೆಯುತ್ತಿತ್ತು!

ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯಡಿ ಹೂತುಹೋದ ಪೊಂಪೆಯ ಗೋಡೆಬರಹದಲ್ಲಿ ಗ್ರಹದೇವತೆಗಳ ದಿನಗಳ ಪಟ್ಟಿ ಇದೆ. ಭಾರತದಲ್ಲಿ ವಾರದ ಹೆಸರಿರುವ ತೀರ ಹಳೆಯ ಶಾಸನಗಳಲ್ಲೊಂದು ಮಧ್ಯಪ್ರದೇಶದ ಏರಣದ ಕಂಬದ ಮೇಲಿದೆ. 484ರ ಆ ಬರಹದ ದಿನ ಗುರುವಾರ. ಯೆಹೂದಿಗಳು ಗ್ರಹಗಳ ಗೊಡವೆಯೇ ಇಲ್ಲದೆ ಏಳನೆಯ ದಿನ ವಿಶ್ರಾಂತಿಯೆಂದು ಎಣಿಸುತ್ತಿದ್ದರು. ರೋಮ್ ಸಾಮ್ರಾಜ್ಯದಲ್ಲಿ ಈ ಎರಡು ಏಳುಗಳೂ ಒಂದರ ಮೇಲೊಂದು ಕೂತವು. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸೂರ್ಯನ ದಿನವನ್ನು ರಜೆಯಾಗಿಸಿದ. ಮುಂದೆ ಕ್ರೈಸ್ತರು, ಮುಸ್ಲಿಮರು, ಜ್ಯೋತಿಷಿಗಳು, ವ್ಯಾಪಾರಿಗಳು ಹೋದೆಡೆಯೆಲ್ಲ ವಾರವೂ ಹೋಯಿತು.

ಹೋಗುವುದಕ್ಕೆ ಅದಕ್ಕೆ ಅಡ್ಡಿಯೂ ಇರಲಿಲ್ಲ. ಪಂಚಾಂಗದ ಐದು ಅಂಗಗಳಲ್ಲಿ ತಿಥಿ, ನಕ್ಷತ್ರ, ಯೋಗ, ಕರಣ ನಾಲ್ಕಕ್ಕೂ ಸೂರ್ಯ ಚಂದ್ರರು ಎಲ್ಲಿದ್ದಾರೆಂದು ಲೆಕ್ಕ ಹಾಕಬೇಕು. ವಾರಕ್ಕೆ ಅದು ಬೇಡ. ನಿನ್ನೆ ಯಾವ ವಾರ ಎಂದು ಗೊತ್ತಿದ್ದರೆ ಸಾಕು. ಅಧಿಕಮಾಸ ಬಂದರೂ ಅದು ಅಲುಗುವುದಿಲ್ಲ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರಿನಿಂದ ಹತ್ತು ದಿನ ಕಿತ್ತುಹಾಕಿದಾಗ ಅಕ್ಟೋಬರ್ 4ರ ಮರುದಿನ 15 ಆಯಿತು. ಆದರೆ ನಾಲ್ಕನೇ ತಾರೀಕು ಗುರುವಾರವಾಗಿತ್ತು, ಹದಿನೈದು ಶುಕ್ರವಾರವೇ ಆಯಿತು. ಫ್ರೆಂಚ್ ಕ್ರಾಂತಿಕಾರಿಗಳು ಹತ್ತು ದಿನದ ವಾರ ತಂದರು. ಒಂಬತ್ತು ದಿನ ದುಡಿದು ಒಂದು ದಿನ ರಜೆ ಪಡೆಯುವುದು ಯಾರಿಗೆ ತಾನೇ ಇಷ್ಟ? ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ್ದನ್ನು, ಆಮೇಲೆ ಆರು ದಿನದ್ದನ್ನು ಹೇರಿ, 1940ರಲ್ಲಿ ಏಳಕ್ಕೇ ಮರಳಿತು.

ಹೀಗೆ ತುಂಡಾಗದೆ ಬಂದ ಎಣಿಕೆ ಶಾಸನ ಓದುವವರಿಗೆ ಒರೆಗಲ್ಲು. ಶಕವರ್ಷ, ತಿಥಿ, ವಾರ ಮೂರೂ ಒಂದಕ್ಕೊಂದು ಕೂಡದಿದ್ದರೆ ಬರೆದವನು ಎಡವಿದ್ದಾನೆ, ಇಲ್ಲವೇ ಶಾಸನವೇ ಖೊಟ್ಟಿಯಿರಬಹುದು. ಹಳೆಯ ಕನ್ನಡ ಶಾಸನಗಳಲ್ಲಿ 'ವಡ್ಡವಾರ' ಎಂಬ ದಿನ ಮತ್ತೆ ಮತ್ತೆ ಬರುತ್ತದೆ. ಹಳೇ ಮೈಸೂರಿನ 'ಬೇಸ್ತವಾರ' ಬೃಹಸ್ಪತಿಯದೆಂದು ಕಿವಿಗೇ ತಿಳಿಯುತ್ತದೆ, ವಡ್ಡವಾರದಲ್ಲಿ ಮಾತ್ರ ಯಾವ ಗ್ರಹದ ಹೆಸರೂ ಕೇಳಿಸುವುದಿಲ್ಲ. ವಿದ್ವಾಂಸರು ಆ ಶಾಸನಗಳ ತಿಥಿಗಳನ್ನು ಹಿಡಿದು ಹಿಂದಕ್ಕೆ ಎಣಿಸಿದರು. ಸಿಕ್ಕ ದಿನ ಶನಿವಾರ.