ರೈಲು ಸಾಗುವಾಗ ಸೇತುವೆಯ ಕೆಳಪಟ್ಟಿಗೆ ಎಷ್ಟು ಎಳೆತ?

ನದಿ ದಾಟುವ ಹಳೆಯ ರೈಲು ಸೇತುವೆಗಳ ಎರಡೂ ಪಕ್ಕದಲ್ಲಿ ಉಕ್ಕಿನ ತ್ರಿಕೋನಗಳ ಸಾಲು ಕಾಣುತ್ತದಲ್ಲ, ಅದೇ ಟ್ರಸ್. ಮೇಲೊಂದು, ಕೆಳಗೊಂದು ಉದ್ದನೆಯ ಪಟ್ಟಿ. ಎಂಜಿನಿಯರುಗಳ ಮಾತಿನಲ್ಲಿ ಅವು ಕಾರ್ಡ್‌ಗಳು. ರೈಲಿನ ಭಾರಕ್ಕೆ ಮೇಲಿನದು ಅದುಮಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಸೇತುವೆ ಕಟ್ಟುವವನಿಗೆ ತಲೆನೋವು ತರುವುದು ರೈಲಿನ ತೂಕಕ್ಕಿಂತ ಹೆಚ್ಚಾಗಿ ಅದರ ಓಟ. ಎಂಜಿನ್ ಎಲ್ಲಿದ್ದಾಗ ಈ ಒಂದು ಪಟ್ಟಿಗೆ ಅತಿ ಹೆಚ್ಚು ಎಳೆತ?

ಇದಕ್ಕೆ 1867-68ರ ಸುಮಾರಿಗೆ ಎಮಿಲ್ ವಿಂಕ್ಲರ್ ಮತ್ತು ಒಟ್ಟೊ ಮೋರ್ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಕಂಡುಕೊಂಡ ಉಪಾಯ ಪ್ರಭಾವ ರೇಖೆ. ಸೇತುವೆಯ ಮೇಲೆ ಒಂದೇ ಒಂದು ಟನ್ ಭಾರವನ್ನು ಈ ತುದಿಯಿಂದ ಆ ತುದಿಗೆ ನಡೆಸಬೇಕು. ಅದು ಒಂದೊಂದು ಜಾಗದಲ್ಲಿ ನಿಂತಾಗಲೂ ನಾವು ಆರಿಸಿಕೊಂಡ ಒಂದು ಪಟ್ಟಿಯಲ್ಲಿ ಹುಟ್ಟುವ ಬಲ ಎಷ್ಟೆಂದು ಆ ಜಾಗದ ನೇರಕ್ಕೇ ಗುರುತು ಹಾಕಬೇಕು. ಗುರುತುಗಳನ್ನು ಸೇರಿಸಿದರೆ ರೇಖೆ ಸಿದ್ಧ.

ಒಂದು ಸೇತುವೆಯನ್ನು ಲೆಕ್ಕ ಮಾಡಿಯೇ ನೋಡೋಣ. ಉದ್ದ 60 ಮೀಟರ್, ಎತ್ತರ 8 ಮೀಟರ್, ನಡುವೆ ನಿಲುಗಂಬಗಳಿಲ್ಲದ ವಾರೆನ್ ಟ್ರಸ್. ಕೆಳಗೆ ಹತ್ತು ಹತ್ತು ಮೀಟರಿಗೊಂದು ಗಂಟು. ಮೇಲಿನ ಗಂಟುಗಳು ಅವುಗಳ ಸರಿಮಧ್ಯದ ನೇರಕ್ಕೆ. ಎಡತುದಿಯಿಂದ 20 ಮತ್ತು 30 ಮೀಟರ್ ದೂರದ ಗಂಟುಗಳ ನಡುವಿನ ಕೆಳಪಟ್ಟಿಯ ತುಂಡು ನಮ್ಮದು. ಗಂಟುಗಳೆಲ್ಲ ಪಿನ್ನಿನ ಸುತ್ತ ಸರಾಗವಾಗಿ ತಿರುಗುತ್ತವೆ ಎಂದು ಭಾವಿಸುತ್ತೇವೆ. ಹಾಗೆಂದಾಗ ಪ್ರತಿ ತುಂಡಿಗೂ ಉದ್ದಕ್ಕೆ ಎಳೆತವೋ ಒತ್ತೋ ಮಾತ್ರ, ಬಾಗುವಿಕೆ ಇಲ್ಲ. ನಿಜದಲ್ಲಿ ರಿವೆಟ್ ಬಡಿದ ಗಂಟುಗಳು ಅಷ್ಟು ಸಡಿಲವಲ್ಲ. ಆದರೂ ಕಾರ್ಡಿನ ಮುಖ್ಯ ಬಲಕ್ಕೆ ಈ ಊಹೆ ಚೆನ್ನಾಗಿಯೇ ಒದಗುತ್ತದೆ.

ಈಗ ಮನಸ್ಸಿನಲ್ಲೇ ಟ್ರಸ್ಸನ್ನು ಆ ಜಾಗದಲ್ಲಿ ಕತ್ತರಿಸಿ. ಕತ್ತರಿಗೆ ಸಿಗುವುದು ಮೂರು ತುಂಡು: ನಮ್ಮ ಕೆಳಪಟ್ಟಿ, ಒಂದು ಓರೆ, ಮೇಲಿನ ಪಟ್ಟಿ. ಕೊನೆಯ ಎರಡೂ 25 ಮೀಟರ್ ನೇರದ ಮೇಲಿನ ಗಂಟಿನಲ್ಲಿ ಕೂಡುತ್ತವೆ. ಆ ಗಂಟಿನ ಸುತ್ತ ತಿರುಗಿಸುವ ಪ್ರಯತ್ನವನ್ನು ಎಣಿಸಿದರೆ ಅವೆರಡೂ ಲೆಕ್ಕದಿಂದ ಹೊರಗೆ; ಉಳಿಯುವುದು ಕೆಳಪಟ್ಟಿಯ ಬಲ, ಅದರ ತೋಳು 8 ಮೀಟರ್. ಒಂದು ಟನ್ 30 ಮೀಟರಿನಲ್ಲಿ ನಿಂತಾಗ ಎಡ ಆಧಾರ ಅರ್ಧ ಟನ್ ಹೊರುತ್ತದೆ. ಅದನ್ನು 25ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎಳೆತ 1.56 ಟನ್. ಭಾರ 20 ಮೀಟರಿನಲ್ಲಿದ್ದಾಗ ಬಲ ಆಧಾರದ ಪಾಲು ಮೂರರಲ್ಲೊಂದು, ತೋಳು 35 ಮೀಟರ್, ಎಳೆತ 1.46 ಟನ್. ತುದಿಗಳಲ್ಲಿ ಸೊನ್ನೆ.

ಹೊಸಬರು ಎಡವುವುದು ಇಲ್ಲೇ. ತಿರುಗುವ ಬಿಂದು 25ರಲ್ಲಿದೆ, ಹಾಗಾಗಿ ಅಲ್ಲೇ ತ್ರಿಕೋನದ ಶಿಖರ ಎಂದುಕೊಂಡು 1.82 ಎಂದು ಬರೆದುಬಿಡುತ್ತಾರೆ. ಆದರೆ ಹಳಿಯ ಭಾರ ಟ್ರಸ್ಸಿಗೆ ನೇರವಾಗಿ ಮುಟ್ಟುವುದಿಲ್ಲ. ಅಡ್ಡ ಗರ್ಡರುಗಳು ಅದನ್ನು ಗಂಟುಗಳಿಗೆ ಮಾತ್ರ ದಾಟಿಸುತ್ತವೆ. 25ರಲ್ಲಿ ನಿಂತ ಟನ್ನು 20ಕ್ಕೆ ಅರ್ಧ, 30ಕ್ಕೆ ಅರ್ಧ ಹಂಚಿಹೋಗುತ್ತದೆ. ಹೀಗಾಗಿ ಅಲ್ಲಿ ಎಳೆತ ಆ ಎರಡರ ಸರಾಸರಿ, 1.51. ಶಿಖರ ಮುರಿದು ಇಳಿಜಾರು ಚಪ್ಪಟೆಯಾಗಿದೆ, ನಿಜವಾದ ಎತ್ತರದ ಜಾಗ 30 ಮೀಟರಿನ ಗಂಟು. ತಪ್ಪು ರೇಖೆ ನಂಬಿದರೆ ಒಂದೇ ಚಕ್ರದ ಭಾರಕ್ಕೆ ಐದರಲ್ಲೊಂದು ಪಾಲು ಹೆಚ್ಚು ಎಣಿಸಿದಂತಾಗುತ್ತದೆ.

ರೇಖೆಯಿದ್ದರೆ ಮುಂದಿನ ಕೆಲಸ ಹಗುರ. ಹಳಿಯ ಅಚ್ಚೊಂದರಿಂದ ಈ ಟ್ರಸ್ಸಿನ ಪಾಲಿಗೆ 12.5 ಟನ್ ಬರುತ್ತದೆ, ಎರಡು ಅಚ್ಚುಗಳ ನಡುವೆ 4 ಮೀಟರ್ ಎಂದಿಟ್ಟುಕೊಳ್ಳಿ. ಒಂದು 30ರಲ್ಲಿ, ಇನ್ನೊಂದು 34ರಲ್ಲಿದ್ದರೆ ಎಳೆತ 36.5 ಟನ್. ಎರಡನೆಯದು 26ರಲ್ಲಿದ್ದರೆ 38.5 ಟನ್. ಚಪ್ಪಟೆ ಭಾಗದ ಮೇಲೆ ಎರಡೂ ಅಚ್ಚು ಎತ್ತರದಲ್ಲೇ ಉಳಿದವಲ್ಲ, ಅದಕ್ಕೆ. ಮೀಟರಿಗೆ ಇಷ್ಟು ಟನ್ ಎಂದು ಸಮನಾಗಿ ಹರಡಿದ ಭಾರವಾದರೆ ರೇಖೆಯ ಕೆಳಗಿನ ವಿಸ್ತೀರ್ಣದಿಂದ ಗುಣಿಸಿದರಾಯಿತು. ಇಲ್ಲಿ ಆ ವಿಸ್ತೀರ್ಣ 53.1. ಮೀಟರಿಗೆ 3 ಟನ್ ಎಂದರೆ ಸುಮಾರು 159 ಟನ್ ಎಳೆತ.

ಈ ರೇಖೆ ಎಲ್ಲೂ ಸೊನ್ನೆಯ ಕೆಳಗಿಳಿಯುವುದಿಲ್ಲ. ಹಾಗಾಗಿ ಕಾರ್ಡಿಗೆ ಸಮಭಾರದ ಕೆಟ್ಟ ಹೊತ್ತೆಂದರೆ ಸೇತುವೆ ತುದಿಯಿಂದ ತುದಿಗೆ ತುಂಬಿದಾಗ. ನಡುಭಾಗದ ಓರೆಗಳಿಗೆ ಹಾಗಲ್ಲ; ಅವುಗಳ ರೇಖೆ ನಡುವೆ ಚಿಹ್ನೆ ಬದಲಿಸುತ್ತದೆ, ಅರ್ಧ ತುಂಬಿದ ಸೇತುವೆಯೇ ಅವಕ್ಕೆ ಹೆಚ್ಚು ಕಷ್ಟ.

ಕಾಗದದ ರೇಖೆಯನ್ನು ಸೇತುವೆಯಲ್ಲೇ ಪರೀಕ್ಷಿಸಲೂಬಹುದು. ಪಟ್ಟಿಗೆ ಸ್ಟ್ರೇನ್ ಗೇಜ್ ಅಂಟಿಸಿ, ತೂಕ ಗೊತ್ತಿರುವ ಎಂಜಿನ್ನನ್ನು ತೀರಾ ನಿಧಾನವಾಗಿ ದಾಟಿಸಿದರೆ ಗೇಜಿನ ದಾಖಲೆಯನ್ನು ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು. ಕೆಳಪಟ್ಟಿಯ ಎಳೆತ ಲೆಕ್ಕಕ್ಕಿಂತ ತುಂಬಾ ಕಡಿಮೆ ಬಂದರೆ ಹಿಗ್ಗುವ ಮುನ್ನ ಒಮ್ಮೆ ತುದಿಯ ರೋಲರ್ ಬೇರಿಂಗ್ ನೋಡಬೇಕು. ತುಕ್ಕು ಹಿಡಿದು ಅದು ಅಲುಗದಿದ್ದರೆ, ಕೆಳಪಟ್ಟಿ ಹೊರಬೇಕಾದ ಎಳೆತದ ಒಂದು ಪಾಲು ಆಧಾರದ ಕಂಬದ ಮೇಲೆ ಅಡ್ಡತಳ್ಳಾಗಿ ಬೀಳುತ್ತಿರುತ್ತದೆ.