ನಾಲ್ಕು ಆಂಪ್ಸ್, ಐದು ಗಂಟೆ

ಎಲೆಕ್ಟ್ರಿಕ್ ಸ್ಕೂಟರ್ ಮನೆಗೆ ಬಂದು ಮೂರು ವಾರವಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಅಮ್ಮ, "ಯಾರ ಮನೇಲೋ ಮೀನು ಹುರೀತಿದಾರೆ" ಎಂದರು. ನಮ್ಮ ಬೀದಿಯಲ್ಲಿ ಮೀನು ಹುರಿಯುವುದು ಒಂದೇ ಮನೆಯವರು, ಅವರು ಊರಿಗೆ ಹೋಗಿ ವಾರವಾಗಿತ್ತು. ಹುಡುಕಿಕೊಂಡು ಹೋದರೆ ವಾಸನೆ ಬರುತ್ತಿದ್ದದ್ದು ಪೋರ್ಟಿಕೋದ ಗೋಡೆಯಿಂದ, ಸ್ಕೂಟರ್ ಚಾರ್ಜಿಗೆ ಹಾಕಿದ್ದ ಸಾಕೆಟ್‌ನಿಂದ. ಸ್ವಿಚ್, ಸಾಕೆಟ್‌ಗಳಿಗೆ ಬಳಸುವ ಕೆಲವು ಪ್ಲಾಸ್ಟಿಕ್‌ಗಳು ವಿಪರೀತ ಕಾದಾಗ ಸುಟ್ಟ ವಾಸನೆಗಿಂತ ಮೊದಲು ಮೀನಿನ ವಾಸನೆ ಕೊಡುತ್ತವೆ. ನನಗೆ ಅದು ಗೊತ್ತಿರಲಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರು. ಒಂದು ತೂತಿನ ಸುತ್ತ ಕಂದು ಬಣ್ಣ, ಹಿಂದೆ ವೈರಿನ ಮೇಲಿನ ಪ್ಲಾಸ್ಟಿಕ್ ಒಂದಿಂಚು ಗಟ್ಟಿಯಾಗಿ ಕಪ್ಪಾಗಿತ್ತು. ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟರೆ ಎರಡು ಸುತ್ತು ತಿರುಗಿತು. "ಎಂಸಿಬಿ ಯಾಕೆ ಬೀಳಲಿಲ್ಲ?" ಎಂದು ಕೇಳಿದೆ. "ಅದ್ಯಾಕೆ ಬೀಳುತ್ತೆ ಸರ್? ಅದರ ಪ್ರಕಾರ ಎಲ್ಲಾ ಸರಿಯಾಗೇ ಇತ್ತು" ಎಂದರು.

ಮನೆಯಲ್ಲಿ ಚಾರ್ಜ್ ಮಾಡುವವರು ತಿಳಿಯಬೇಕಾದ ಮುಖ್ಯ ವಿಷಯ ಆ ಉತ್ತರದಲ್ಲೇ ಇದೆ. ಸ್ಕೂಟರ್ ಜೊತೆ ಬರುವ ಚಾರ್ಜರ್ ಸಾಮಾನ್ಯವಾಗಿ 650ರಿಂದ 850 ವಾಟ್‌ನದು. ನಮ್ಮ 230 ವೋಲ್ಟ್‌ನಲ್ಲಿ ಅದು ಎಳೆಯುವುದು ಮೂರೂವರೆ, ನಾಲ್ಕು ಆಂಪ್ಸ್ ಅಷ್ಟೇ. 2000 ವಾಟ್‌ನ ಗೀಸರ್ ಅದರ ಎರಡರಷ್ಟಕ್ಕೂ ಹೆಚ್ಚು ಎಳೆಯುತ್ತದೆ. ಆದರೆ ಗೀಸರ್ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ನಿಂತು ಮತ್ತೆ ಶುರುವಾಗುತ್ತದೆ. ಸ್ಕೂಟರ್ ಮಾತ್ರ ನಾಲ್ಕೈದು ಗಂಟೆ, ಅದೂ ಮನೆಯವರೆಲ್ಲ ಮಲಗಿರುವಾಗ, ಒಂದೇ ಸಮನೆ ಎಳೆಯುತ್ತದೆ. ಸಾಕೆಟ್‌ಗೆ ತಣ್ಣಗಾಗಲು ಬಿಡುವೇ ಇಲ್ಲ.

ಈಗ ಆ ಸಡಿಲ ಸ್ಕ್ರೂ ಲೆಕ್ಕ ನೋಡಿ. ಜೋಡಣೆ ಬಿಗಿಯಾಗಿದ್ದರೆ ಅಲ್ಲಿ ತಡೆ ಇಲ್ಲವೆನ್ನುವಷ್ಟು ಕಡಿಮೆ. ಸಡಿಲವಾಗಿ ಅರ್ಧ ಓಮ್ ಆಯಿತೆಂದುಕೊಳ್ಳಿ. ನಾಲ್ಕನ್ನು ನಾಲ್ಕರಿಂದ ಗುಣಿಸಿ ಅರ್ಧ ಮಾಡಿದರೆ ಎಂಟು ವಾಟ್. ಬಲ್ಬಾಗಿದ್ದರೆ ಎಂಟು ವಾಟ್ ಏನೂ ಅಲ್ಲ. ಆದರೆ ಹುಣಸೆಬೀಜದಷ್ಟು ಜಾಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ, ಐದು ಗಂಟೆ ಎಂಟು ವಾಟ್ ಶಾಖ ಹುಟ್ಟಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕಾದ ಲೋಹ ಕಪ್ಪುಗಟ್ಟಿ ತಡೆ ಇನ್ನಷ್ಟು ಹೆಚ್ಚುತ್ತದೆ, ಮರುದಿನ ಶಾಖವೂ ಹೆಚ್ಚು. ಇಷ್ಟಾದರೂ ಲೈನಿನಲ್ಲಿ ಹರಿಯುವುದು ಅದೇ ನಾಲ್ಕು ಆಂಪ್ಸ್. ಎಂಸಿಬಿ ನೋಡುವುದು ಕರೆಂಟಿನ ಪ್ರಮಾಣವನ್ನು, ಸಾಕೆಟ್ಟಿನ ಬಿಸಿಯನ್ನಲ್ಲ.

ಹಾಗಾಗಿ ಮೊದಲ ಆಯ್ಕೆ ಸಾಕೆಟ್‌ನದು. ನಿಮ್ಮ ಚಾರ್ಜರ್ ಜೊತೆ 16 ಆಂಪ್ಸ್‌ನ ದಪ್ಪ ಪ್ಲಗ್ ಬಂದಿದ್ದರೆ ಅದಕ್ಕೆ 16 ಆಂಪ್ಸ್ ಸಾಕೆಟ್ಟನ್ನೇ ಹಾಕಿಸಿ. ಚಿಕ್ಕ ಸಾಕೆಟ್ಟಿಗೆ ಸಿಕ್ಕಿಸುವ ಕನ್ವರ್ಟರ್ ಬೇಡವೇ ಬೇಡ. ಅದು ಸಡಿಲಾಗಬಹುದಾದ ಇನ್ನೊಂದು ಜಾಗವನ್ನು ನಾವೇ ದುಡ್ಡು ಕೊಟ್ಟು ತಂದಂತೆ. ದಪ್ಪ ಪ್ಲಗ್ಗಿನ ಪಿನ್ ಸುಮಾರು 7 ಮಿ.ಮೀ., ಚಿಕ್ಕದರದು 5 ಮಿ.ಮೀ. ದಪ್ಪ ಪಿನ್ನಿಗೆ ಹಿಡಿತದ ಜಾಗ ಹೆಚ್ಚು, ಬಿಸಿ ಕಡಿಮೆ. ಚಿಕ್ಕದು, ದೊಡ್ಡದು ಎರಡೂ ಹೋಗುವ ಜೋಡಿ ಸಾಕೆಟ್‌ಗಳಲ್ಲಿ ದಪ್ಪ ಪಿನ್ ಹೋಗಿಬಂದು ಹಿತ್ತಾಳೆಯ ಎಲೆಗಳು ಅಗಲವಾಗಿದ್ದರೆ ಚಿಕ್ಕ ಪಿನ್ ಒಳಗೆ ಅಲುಗಾಡುತ್ತದೆ. ಪರೀಕ್ಷೆ ಸುಲಭ: ಪ್ಲಗ್ ಕೀಳಲು ಸ್ವಲ್ಪವಾದರೂ ಬಲ ಹಾಕಬೇಕು. ಬೆರಳಲ್ಲಿ ಎಳೆದರೆ ಜಾರಿ ಬರುವ ಸಾಕೆಟ್ ಚಾರ್ಜಿಂಗ್‌ಗೆ ಲಾಯಕ್ಕಲ್ಲ.

ಎರಡನೆಯದು ಲೈನ್. ನಮ್ಮ ಪೋರ್ಟಿಕೋದ ಪಾಯಿಂಟ್ ಗೇಟಿನ ದೀಪಕ್ಕೆಂದು ಎಳೆದದ್ದು, ಒಂದೂವರೆ ಸ್ಕ್ವೇರ್ ಎಂಎಂ ವೈರು. ಅದೇ ಲೈನಿನಲ್ಲಿ ಹಾಲಿನ ಎರಡು ಸಾಕೆಟ್, ಒಂದು ಫ್ಯಾನ್. ಲೆಕ್ಕಕ್ಕೆ ಆ ವೈರು ನಾಲ್ಕು ಆಂಪ್ಸ್ ತಡೆಯುತ್ತದೆ. ತೊಂದರೆ ವೈರಿನದ್ದಲ್ಲ, ದಾರಿಯಲ್ಲಿರುವ ಗಂಟುಗಳದ್ದು. ಒಂದು ಬೋರ್ಡಿನಿಂದ ಇನ್ನೊಂದಕ್ಕೆ ತಿರುಚಿ ಟೇಪ್ ಸುತ್ತಿದ ಒಂದೊಂದು ಗಂಟೂ ಇನ್ನೊಂದು ಸಡಿಲ ಸ್ಕ್ರೂ ಆಗಬಹುದು. ಅದಕ್ಕೇ ಸ್ಕೂಟರಿಗೆ ಡಿಬಿಯಿಂದ ನೇರವಾಗಿ, ಮಧ್ಯೆ ಗಂಟಿಲ್ಲದೆ, ಬೇರೆಯದೇ ಲೈನ್ ಬೇಕು. ನಮ್ಮಲ್ಲಿ 12 ಮೀಟರ್ ಪೈಪ್ ಹೊಡೆದು ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದರು. ತುದಿಯಲ್ಲಿ ಸ್ವಿಚ್ ಸಮೇತ 16 ಆಂಪ್ಸ್ ಸಾಕೆಟ್, ಎದೆಯೆತ್ತರಕ್ಕೆ, ಮಳೆಯ ಎರಚಲು ತಾಗದಂತೆ ಮುಚ್ಚಳವಿರುವ ಡಬ್ಬಿಯಲ್ಲಿ. ಡಿಬಿಯಲ್ಲಿ ಅದಕ್ಕೇ ಒಂದು 16 ಆಂಪ್ಸ್ ಎಂಸಿಬಿ. ಎಂಸಿಬಿ ಪದೇ ಪದೇ ಬಿದ್ದರೆ 32ರದ್ದು ಹಾಕುವ ಜಾಣತನ ಕೆಲವರಿಗಿದೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ದೊಡ್ಡದು ಹಾಕಿದರೆ ಅದು ಬೀಳುವ ಮೊದಲು ವೈರೇ ಕರಗೀತು.

ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸ್ ಬಾರದೆ 30 ಮಿಲಿಆಂಪ್ಸ್ ಎಲ್ಲೋ ಸೋರಿದರೂ ಕ್ಷಣಾರ್ಧದಲ್ಲಿ ಲೈನ್ ಕತ್ತರಿಸುತ್ತದೆ. ಕೊಳ್ಳುವಾಗ ಅದರ ಮೇಲಿನ ಚಿತ್ರ ನೋಡಿ. ಬರೀ ಒಂದು ಅಲೆ ಇದ್ದರೆ ಎಸಿ ಟೈಪ್. ಅಲೆಯ ಕೆಳಗೆ ಅರ್ಧ ಉಬ್ಬುಗಳೂ ಇದ್ದರೆ ಎ ಟೈಪ್. ಚಾರ್ಜರ್‌ನಂಥ ಎಲೆಕ್ಟ್ರಾನಿಕ್ ಸಾಧನದ ಸೋರಿಕೆ ಪೂರ್ತಿ ಅಲೆಯ ರೂಪದಲ್ಲೇ ಇರಬೇಕೆಂದಿಲ್ಲ. ಅದನ್ನು ಗುರುತಿಸಲು ಎ ಟೈಪೇ ಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಲೈನ್ ಹೋಗದಿದ್ದರೆ ಅದು ಕೆಟ್ಟಿದೆ ಎಂದರ್ಥ.

ಅರ್ಥಿಂಗ್ ವಿಷಯದಲ್ಲಿ ಹಳೇ ಮನೆಗಳಲ್ಲಿ ಒಂದು ಕೆಟ್ಟ ಚಾಳಿ ಕಾಣುತ್ತದೆ. ಅರ್ಥ್ ವೈರ್ ಇಲ್ಲದ ಕಡೆ ಸಾಕೆಟ್ಟಿನ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೇ ಸೇರಿಸಿಬಿಡುವುದು. ಅರ್ಥ್ ಇಲ್ಲವೆಂದು ತಗಾದೆ ತೆಗೆಯುವ ಚಾರ್ಜರ್ ಕೂಡ ಆಗ ಸುಮ್ಮನಾಗಬಹುದು. ಒಂದು ದಿನ ನ್ಯೂಟ್ರಲ್ ಕಡಿದರೆ, ಅರ್ಥ್ ಮೂಲಕ ಸ್ಕೂಟರಿನ ಲೋಹದ ಮೈಗೇ ಕರೆಂಟು ಬರಬಹುದು. ಅಂಗಡಿಯಲ್ಲಿ ಸಿಗುವ ಮೂರು ದೀಪದ ಪ್ಲಗ್ ಟೆಸ್ಟರ್ ಈ ಮೋಸವನ್ನು ಹಿಡಿಯಲಾರದು. ಡಿಬಿಯ ಅರ್ಥ್ ಪಟ್ಟಿಯಿಂದ ಹಸಿರು ವೈರ್ ನಿಜವಾಗಿ ಬಂದಿದೆಯೇ ಎಂದು ಸಾಕೆಟ್ ಬಿಚ್ಚಿಸಿಯೇ ನೋಡಬೇಕು.

ಅಪಾರ್ಟ್‌ಮೆಂಟಿನವರು ಎರಡನೇ ಮಹಡಿಯ ಬಾಲ್ಕನಿಯಿಂದ ಇಳಿಬಿಡುವ ಎಕ್ಸ್‌ಟೆನ್ಷನ್ ಬಗ್ಗೆ ಒಂದು ಮಾತು. 30 ಮೀಟರಿನ ಮುಕ್ಕಾಲು ಸ್ಕ್ವೇರ್ ಎಂಎಂ ಕೇಬಲ್ಲಿನಲ್ಲಿ ನಾಲ್ಕು ಆಂಪ್ಸ್ ಹರಿದರೆ ಸುಮಾರು 25 ವಾಟ್ ಶಾಖವಾಗುತ್ತದೆ. ಪೂರ್ತಿ ಬಿಚ್ಚಿ ಹರಡಿದ್ದರೆ ಕೈಗೂ ತಿಳಿಯದು. ಅದೇ ಕೇಬಲ್ಲನ್ನು ರೀಲಿಗೆ ಸುತ್ತಿ ಬಿಟ್ಟರೆ ಆ 25 ವಾಟ್ ಒಂದೇ ಉಂಡೆಯೊಳಗೆ ಸಿಕ್ಕಿಕೊಂಡು ಒಳಗಿನ ಸುತ್ತುಗಳು ಕಾಯುತ್ತವೆ. ಸ್ಪೈಕ್ ಬಸ್ಟರ್‌ಗಳ ಮಾತಂತೂ ಬೇಡ. ಅಸೋಸಿಯೇಷನ್ ಒಪ್ಪಿಸಿ, ನಿಮ್ಮ ಮೀಟರಿನಿಂದ ಪಾರ್ಕಿಂಗಿಗೆ ಒಂದು ಕಾಯಂ ಲೈನ್ ಇಳಿಸುವುದೇ ಸರಿಯಾದ ದಾರಿ. ಮೆಟ್ಟಿಲ ಕೆಳಗೆ ಮಾತ್ರ ಪಾಯಿಂಟ್ ಬೇಡ. ಬೆಂಕಿ ಹತ್ತಿದರೆ ಮೇಲಿನವರಿಗೆ ಇಳಿಯಲು ಇರುವ ದಾರಿ ಅದೊಂದೇ.

ಇಂದು ರಾತ್ರಿ ಸ್ಕೂಟರ್ ಚಾರ್ಜಿಗೆ ಹಾಕಿ ಒಂದು ಗಂಟೆ ಬಿಟ್ಟು, ಒಣಗಿದ ಕೈಯಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಐದು ಎಣಿಸುವಷ್ಟು ಹೊತ್ತು ಬೆರಳಿಡಲಾಗದಿದ್ದರೆ ಪ್ಲಗ್ ಕೀಳಬೇಡಿ. ಮೊದಲು ಡಿಬಿಯಲ್ಲಿ ಆ ಲೈನಿನ ಎಂಸಿಬಿ ಇಳಿಸಿ, ಬೆಳಿಗ್ಗೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.