ಶೀಟಿನ ತಳದ ಬಿಸಿ ಮತ್ತು ಸಾಲದ ಲೆಕ್ಕ

ತುಮಕೂರಿನ ಮರಳೂರು ದಾಟಿ ಕುಣಿಗಲ್ ಕಡೆಗೆ ಹೋದರೂ ಸರಿ, ಆಚೆ ಗುಬ್ಬಿಯ ದಾರಿ ಹಿಡಿದರೂ ಸರಿ, ತೆಂಗಿನ ತೋಟಗಳ ಮಗ್ಗುಲಲ್ಲಿ ಉದ್ದನೆಯ ಕೋಳಿ ಶೆಡ್ಡುಗಳು ಕಾಣಸಿಗುತ್ತವೆ. ಮೊಳಕಾಲೆತ್ತರದ ಗೋಡೆ, ಅದರ ಮೇಲೆ ಜಾಲರಿ, ಮೇಲೆ ಕಲ್ನಾರಿನ ಸಿಮೆಂಟ್ ಶೀಟು. ಇಂಥ ಶೆಡ್ಡಿನ ಮಾಲೀಕ ಚಾವಣಿ ಸರಿಪಡಿಸಲು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದರೆ ಮ್ಯಾನೇಜರ್ ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಶೆಡ್ಡು ದೊಡ್ಡದಾಗುವುದಿಲ್ಲ, ಹೊಸ ಯಂತ್ರ ಬರುವುದಿಲ್ಲ, ಹಾಗಾದರೆ ಕಂತು ಕಟ್ಟುವ ಹಣ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಕೋಳಿಯ ಮೈಯನ್ನು ನೋಡಬೇಕು, ಆಮೇಲೆ ಶೀಟನ್ನು.

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಮೈತುಂಬ ಪುಕ್ಕ. ಮಾಂಸದ ಕೋಳಿಯನ್ನಂತೂ ಬೇಗ ತಿಂದು ಬೇಗ ಬೆಳೆಯಲೆಂದೇ ತಳಿ ಮಾಡಲಾಗಿದೆ. ತಿಂದದ್ದು ಅರಗುವಾಗ ಹುಟ್ಟುವ ಕಾವೂ ಅಷ್ಟೇ ಹೆಚ್ಚು. ಎರಡು ಕಿಲೋ ತೂಗುವ ಒಂದು ಹಕ್ಕಿ ಸುಮಾರು 18 ವ್ಯಾಟ್ ಶಾಖವನ್ನು ಸದಾ ಹೊರಬಿಡುತ್ತಿರುತ್ತದೆ. 25 ಅಡಿ ಅಗಲ, 200 ಅಡಿ ಉದ್ದದ ಶೆಡ್ಡಿನಲ್ಲಿ ಹಕ್ಕಿಗೆ ಒಂದು ಚದರ ಅಡಿಯ ಲೆಕ್ಕದಲ್ಲಿ 5000 ಹಕ್ಕಿಗಳಿದ್ದರೆ ಒಟ್ಟು 90 ಕಿಲೋವ್ಯಾಟ್ ಆಯಿತು.

ಗಾಳಿ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಈ ಶಾಖದ ಬಹುಪಾಲು ಮೈಯಿಂದ ನೇರವಾಗಿ ಗಾಳಿಗೆ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೆಡ್ಡಿನೊಳಗೆ 36 ಡಿಗ್ರಿ ಮುಟ್ಟಿದಾಗ ಆ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ. ಆಗ ಉಳಿಯುವುದು ಉಸಿರೊಂದೇ. ಹಕ್ಕಿ ರೆಕ್ಕೆ ಬಿಡಿಸಿ, ಬಾಯಿ ತೆರೆದು ತೇಕುತ್ತದೆ. ಗಂಟಲು ಮತ್ತು ಶ್ವಾಸನಾಳದ ತೇವ ಆರುವಾಗ ಮೈಯ ಕಾವನ್ನೂ ಜೊತೆಗೆ ಒಯ್ಯುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2400 ಜೂಲ್ ಹೊರಗೆ ಹೋಗುತ್ತದೆ. 18 ವ್ಯಾಟನ್ನೂ ಹೀಗೇ ಕಳೆಯಬೇಕೆಂದರೆ ಒಂದು ಹಕ್ಕಿ ಗಂಟೆಗೆ 27 ಗ್ರಾಂ ನೀರು ಆರಿಸಬೇಕು. ಇಡೀ ಶೆಡ್ಡಿಗೆ ಅದು ಗಂಟೆಗೆ 135 ಲೀಟರ್.

ಇದಕ್ಕೆ ಹಕ್ಕಿ ತೆರುವ ಬೆಲೆ ದೊಡ್ಡದು. ಅತಿಯಾಗಿ ತೇಕಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ತಿಂದರೆ ಮೈ ಇನ್ನೂ ಕಾಯುತ್ತದೆಂದು ಫೀಡು ಮುಟ್ಟುವುದಿಲ್ಲ. ತೂಕ ನಿಲ್ಲುತ್ತದೆ. ಕೊನೆಯ ವಾರದ, ಅಂದರೆ ಅತಿ ಹೆಚ್ಚು ಫೀಡು ತಿಂದು ಮುಗಿಸಿದ ಹಕ್ಕಿಯೇ ಮೊದಲು ಸಾಯುತ್ತದೆ. ಮೊದಲ ವಾರದ ಮರಿಗೆ 32 ಡಿಗ್ರಿಯ ಕಾವು ನಾವೇ ಕೊಡಬೇಕು. 40ನೇ ದಿನದ ಹಕ್ಕಿಗೆ ಅದೇ ಕಾವು ಸಂಕಟ. ಆದ್ದರಿಂದ ಬೇಸಿಗೆಯ ನಷ್ಟ ಬ್ಯಾಚಿನ ತುದಿಯಲ್ಲೇ ಬಂದು ಬೀಳುತ್ತದೆ.

ಇನ್ನು ಶೀಟು. ಆರು ಮಿಲಿಮೀಟರ್ ದಪ್ಪದ ಸಿಮೆಂಟ್ ಶೀಟು ಶಾಖವನ್ನು ತಡೆಯುವುದಿಲ್ಲವೆಂದೇ ಹೇಳಬೇಕು. ಹಳತಾಗಿ ಪಾಚಿಗಟ್ಟಿ ಕಪ್ಪಾದ ಶೀಟು ಬಿಸಿಲಿನಲ್ಲಿ 60 ಡಿಗ್ರಿ ಕಾದರೆ ಅದರ ತಳವೂ ಹತ್ತಿರಹತ್ತಿರ ಅಷ್ಟೇ ಕಾಯುತ್ತದೆ. ಆ ತಳ ಕಣ್ಣಿಗೆ ಕಾಣದ ಕಿರಣವಾಗಿ ಕಾವನ್ನು ಕೆಳಕ್ಕೆ ಸುರಿಯುತ್ತದೆ. ನಡುವಿನ ಗಾಳಿಯನ್ನು ಕಾಯಿಸಲು ಕಾಯದೆ ಅದು ನೇರ ಹಕ್ಕಿಯ ಬೆನ್ನಿಗೆ ಬಂದು ತಾಗುತ್ತದೆ. ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ ಇದನ್ನು ಸರಿಯಾಗಿ ತೋರಿಸದು. ಲೆಕ್ಕ ಹಾಕಿದರೆ, 36 ಡಿಗ್ರಿಯ ಚಾವಣಿಗೆ ಹೋಲಿಸಿ 60 ಡಿಗ್ರಿಯ ಚಾವಣಿ ನೆಲದ ಪ್ರತಿ ಚದರ ಮೀಟರಿಗೆ ಸುಮಾರು 100 ವ್ಯಾಟ್ ಹೆಚ್ಚುವರಿ ಶಾಖ ಇಳಿಸುತ್ತದೆ. ನಮ್ಮ ಶೆಡ್ಡಿನ ನೆಲ 465 ಚದರ ಮೀಟರ್. ಅಂದರೆ 46 ಕಿಲೋವ್ಯಾಟ್. 5000 ಹಕ್ಕಿಗಳು ತಾವೇ ಹುಟ್ಟಿಸುವ ಕಾವಿನ ಅರ್ಧದಷ್ಟನ್ನು ಚಾವಣಿ ಮೇಲಿನಿಂದ ಹೇರುತ್ತಿದೆ. ಸಾಲ ಕೇಳುವುದು ಈ 46ನ್ನು ಇಳಿಸುವುದಕ್ಕೆ. ಆ 90 ಹಾಗೆಯೇ ಇರುತ್ತದೆ, ಅದನ್ನು ಹೊರಹಾಕುವುದು ಗಾಳಿಯ ಕೆಲಸ. ಸಾಲದ ಟಿಪ್ಪಣಿಯಲ್ಲಿ ಇದನ್ನು ಬಿಡಿಸಿ ಬರೆಯಲೇಬೇಕು. ಗಂಟೆಗೆ 135 ಲೀಟರ್ ಆವಿ ಬಿಡುವ ಶೆಡ್ಡಿನಲ್ಲಿ ಗಾಳಿ ನಿಂತುಹೋದರೆ ಎಷ್ಟು ದುಬಾರಿ ಚಾವಣಿ ಹಾಕಿದರೂ ಹಕ್ಕಿ ಉಳಿಯುವುದಿಲ್ಲ. ಫಾಲ್ಸ್ ಸೀಲಿಂಗ್ ಹೊಡೆಯುವ ಭರದಲ್ಲಿ ನೆತ್ತಿಯ ಗಾಳಿಕಿಂಡಿಯನ್ನೇ ಮುಚ್ಚಿದರೆ ಹೀಗೇ ಆಗುತ್ತದೆ.

ಹಾಗಾದರೆ ಏನು ಹಾಕಿಸಬೇಕು? ಅತ್ಯುತ್ತಮವಾದದ್ದು ಪಫ್ ಪ್ಯಾನೆಲ್, ಎರಡು ತಗಡುಗಳ ನಡುವೆ ನೊರೆ ತುಂಬಿದ ಹಲಗೆ. 30 ಮಿಲಿಮೀಟರ್ ದಪ್ಪದ್ದು ಸಾಕು, ಮೇಲ್ಮೈ 60 ಡಿಗ್ರಿ ಕಾದರೂ ತಳ ಒಳಗಾಳಿಗಿಂತ ಒಂದೆರಡು ಡಿಗ್ರಿಯಷ್ಟೇ ಹೆಚ್ಚಿರುತ್ತದೆ. ಇದ್ದ ಶೀಟನ್ನೇ ಉಳಿಸಿಕೊಳ್ಳುವವರಿಗೆ ಇನ್ನೊಂದು ದಾರಿ: ಮೇಲೆ ಬಿಸಿಲು ಪ್ರತಿಫಲಿಸುವ ಬಿಳಿ ಲೇಪ, ಕೆಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಫೋಮ್ ಹಾಸು. ಬರಿಯ ಸುಣ್ಣವೂ ಕೆಲಸ ಮಾಡುತ್ತದೆ, ಆದರೆ ಮುಂಗಾರಿಗೆ ಮೊದಲಿನ ಮಳೆಗೇ ತೊಳೆದುಹೋಗುತ್ತದೆ. ಥರ್ಮೊಕೋಲನ್ನು ನಾನು ಒಪ್ಪುವುದಿಲ್ಲ. ಇಲಿಗಳು ಕೊರೆಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಲಿಟರಿನಲ್ಲಿ ಬೆಳೆಯುವ ಕಪ್ಪು ದುಂಬಿಯ ಹುಳುಗಳು ಕೋಶ ಕಟ್ಟಲು ಮೇಲೆ ಹತ್ತಿ ಮೆದು ನೊರೆಯನ್ನು ತೂತು ಹೊಡೆಯುತ್ತವೆ. ಫೋಮ್ ಹಾಸಿನ ಅಂಚುಗಳನ್ನೂ ಈ ಕಾರಣಕ್ಕೇ ಟೇಪಿನಿಂದ ಬಿಗಿಯಾಗಿ ಮುಚ್ಚಬೇಕು. ಹೊಳೆಯುವ ಹಾಳೆಗೆ ಧೂಳು ಕೂತರೆ ಅದರ ಗುಣವೇ ಹೋಗುತ್ತದೆ, ಆದ್ದರಿಂದ ಪ್ರತಿ ಬ್ಯಾಚಿನ ನಂತರ ಒರೆಸುವುದು ಕೆಲಸದ ಪಟ್ಟಿಯಲ್ಲಿರಲಿ.

ಯಾವುದನ್ನು ಆರಿಸಬೇಕೆಂಬುದು ಹಕ್ಕಿ ಯಾರದು ಎಂಬುದನ್ನು ಅವಲಂಬಿಸಿದೆ. ಕಂಪನಿಯ ಗುತ್ತಿಗೆಯಲ್ಲಿ ಸಾಕುವವರಿಗೆ ಮರಿ, ಫೀಡು, ಔಷಧಿ ಕಂಪನಿಯದು, ಶೆಡ್ಡು ಮತ್ತು ಶ್ರಮ ರೈತನದು. ಅವರಿಗೆ ಸಿಗುವುದು ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ. ನಮ್ಮ ಶೆಡ್ಡಿಗೇ ಒಂದು ಮಾದರಿ ಲೆಕ್ಕ ಮಾಡೋಣ. ದರಗಳು ಉದಾಹರಣೆಗಷ್ಟೇ, ಅರ್ಜಿ ಹಾಕುವವರು ತಮ್ಮ ಹಿಂದಿನ ಬ್ಯಾಚುಗಳ ಚೀಟಿ ನೋಡಿ ತುಂಬಿಕೊಳ್ಳಬೇಕು. ಬೇಸಿಗೆಯಲ್ಲಿ ಕಂಪನಿ ಈ ಶೆಡ್ಡಿಗೆ 4000 ಮರಿ ಮಾತ್ರ ಬಿಡುತ್ತದೆ, ನೂರಕ್ಕೆ 8 ಸಾಯುತ್ತವೆ, ಸರಾಸರಿ ತೂಕ 1.9 ಕಿಲೋ, ಫೀಡು ಹೆಚ್ಚು ಹಿಡಿದದ್ದಕ್ಕೆ ಕೂಲಿ ಕಡಿತಗೊಂಡು ಕಿಲೋಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. 3680 ಹಕ್ಕಿ, ಸುಮಾರು 7000 ಕಿಲೋ, ಕೈಗೆ 42,000 ರೂಪಾಯಿ. ಚಾವಣಿ ತಂಪಾಗಿ ಸಾವು ನೂರಕ್ಕೆ 5ಕ್ಕೆ ಇಳಿದು, ತೂಕ 2 ಕಿಲೋ ಆಗಿ, ಕೂಲಿ 6.50 ರೂಪಾಯಿ ಸಿಕ್ಕರೆ 49,400. ಹೆಚ್ಚಿಗೆ ಬಂದದ್ದು ಏಳೂವರೆ ಸಾವಿರಕ್ಕಿಂತ ಕಡಿಮೆ. ವರ್ಷಕ್ಕೆ ಇಂಥ ಬಿಸಿ ಬ್ಯಾಚುಗಳು ಎರಡು, ಒಟ್ಟು 15,000.

ಈ ಹದಿನೈದು ಸಾವಿರಕ್ಕೆ ಯಾವ ಸಾಲವೂ ತೀರುವುದಿಲ್ಲ. ಬಿಸಿಲಿನ ನಷ್ಟದ ಹೆಚ್ಚಿನ ಪಾಲು ಹಕ್ಕಿಯ ಒಡೆಯನಾದ ಕಂಪನಿಯದು, ಚಾವಣಿಯ ಖರ್ಚು ಮಾತ್ರ ಪೂರ್ತಿ ರೈತನದು. ಇದು ಸರಿಯಾದ ಹಂಚಿಕೆಯಲ್ಲ ಎಂದೇ ನನ್ನ ಅಭಿಪ್ರಾಯ. ಲೆಕ್ಕ ಬದಲಾಗುವುದು, ತಂಪಾದ ಶೆಡ್ಡಿಗೆ ಕಂಪನಿ ಬೇಸಿಗೆಯಲ್ಲೂ 5000 ಮರಿ ಬಿಡಲು ಒಪ್ಪಿದಾಗ. ಆಗ 4750 ಹಕ್ಕಿ, 9500 ಕಿಲೋ, 61,750 ರೂಪಾಯಿ. ಬ್ಯಾಚಿಗೆ ಸುಮಾರು 20,000ದಂತೆ ವರ್ಷಕ್ಕೆ 40,000 ಹೆಚ್ಚುವರಿ ಬಂತು. ಆದ್ದರಿಂದ ಗುತ್ತಿಗೆ ರೈತನ ಅರ್ಜಿಯ ಜೊತೆ ಇರಬೇಕಾದ ಮುಖ್ಯ ಕಾಗದ ಕೊಟೇಷನ್ ಅಲ್ಲ, ಬೇಸಿಗೆಯಲ್ಲಿ ಎಷ್ಟು ಮರಿ ಬಿಡುತ್ತೇವೆಂದು ಕಂಪನಿ ಬರೆದುಕೊಟ್ಟ ಪತ್ರ.

ಚಾಚು ಸೇರಿ ಚಾವಣಿ 6000 ಚದರ ಅಡಿ. ಲೇಪಕ್ಕೆ ಚದರ ಅಡಿಗೆ 10 ರೂಪಾಯಿ, ಫೋಮ್ ಹಾಸಿಗೆ 20 ಎಂದರೆ 1,80,000. ಶೇಕಡ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೀರಿಸುವುದಾದರೆ ವರ್ಷದ ಕಂತು 47,500, ಅಂದರೆ ಆ 40,000 ಸಾಲದು. ಏಳು ವರ್ಷವಾದರೆ 37,000, ಉಸಿರಾಡಲು ತುಸು ಜಾಗ. ಪಫ್ ಪ್ಯಾನೆಲ್ಲಿನ ಖರ್ಚು ಇದರ ಹಲವು ಪಟ್ಟು, ಗುತ್ತಿಗೆ ಕೂಲಿಯಿಂದ ಅದನ್ನು ತೀರಿಸುತ್ತೇನೆಂದು ಬರೆಯುವುದು ತನಗೂ ಬ್ಯಾಂಕಿಗೂ ಮಾಡುವ ಅನ್ಯಾಯ. ಸ್ವಂತ ಮರಿ ತಂದು ಸಾಕುವವರ ಮಾತು ಬೇರೆ. 5000 ಮರಿಯಲ್ಲಿ ಇದೇ ಸುಧಾರಣೆ ಬ್ಯಾಚಿಗೆ 760 ಕಿಲೋ ಜೀವಂತ ತೂಕ ಉಳಿಸುತ್ತದೆ. ಕಿಲೋಗೆ 90 ರೂಪಾಯಿ ಹಿಡಿದರೂ 68,000. ಹಕ್ಕಿ ಚೆನ್ನಾಗಿ ತಿನ್ನುವ ಹೆಚ್ಚಿನ ಫೀಡು ಕಳೆದರೂ ಎರಡು ಬ್ಯಾಚಿನಿಂದ ಒಂದು ಲಕ್ಷದ ಹತ್ತಿರ. ಅಂಥವರು ಪ್ಯಾನೆಲ್ ಬಗ್ಗೆ ಯೋಚಿಸಬಹುದು.

2025ರ ಜನವರಿಯಿಂದ ಕೃಷಿ ಮತ್ತು ಪೂರಕ ಕಸುಬುಗಳ 2 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ, ಹಿಂದೆ ಈ ಮಿತಿ 1.6 ಲಕ್ಷ ಇತ್ತು. ನಮ್ಮ 1,80,000 ಅದರೊಳಗೇ ಇದೆ. ಕಂತನ್ನು ತಿಂಗಳಿಗೊಮ್ಮೆ ಬೇಡ, ಹಕ್ಕಿ ಲಿಫ್ಟಿಂಗ್ ಆಗಿ ದುಡ್ಡು ಬರುವ ಎರಡು ತಿಂಗಳಿಗೊಮ್ಮೆ ಇರಲಿ ಎಂದು ಟಿಪ್ಪಣಿಯಲ್ಲೇ ಕೇಳಿಕೊಳ್ಳಬೇಕು.

ಬ್ಯಾಂಕಿನವರಿಗೆ ತೋರಿಸಲು ಅಳತೆ ಬೇಕು. ಮಧ್ಯಾಹ್ನ ಎರಡರಿಂದ ಮೂರರ ನಡುವೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಶೀಟಿನ ತಳಕ್ಕೆ ಹಿಡಿದು ಹತ್ತು ಕಡೆ ಓದಿ, ಹಕ್ಕಿಯ ಎತ್ತರದ ಗಾಳಿಯ ಬಿಸಿಯನ್ನೂ ಪಕ್ಕದಲ್ಲಿ ಬರೆಯಬೇಕು. ಕೆಲಸ ಒಪ್ಪಿಸುವ ಮೊದಲು ಎರಡು ಕಂಬಗಳ ನಡುವಿನ ಒಂದು ಅಂಕಣಕ್ಕಷ್ಟೇ ಹಾಸು ಹಾಕಿಸಿ ಅಳೆದರೆ ಮಾರುವವರ ಮಾತು ನಿಜವೋ ಸುಳ್ಳೋ ತಿಳಿಯುತ್ತದೆ. ಇಲ್ಲೊಂದು ಎಚ್ಚರ: ಹೊಳೆಯುವ ಹಾಳೆಗೆ ಈ ಉಪಕರಣ ಸುಳ್ಳು ಅಂಕಿ ಕೊಡುತ್ತದೆ, ಹಾಳೆ ಎದುರಿನ ನೆಲದ ಬಿಸಿಯನ್ನೇ ಪ್ರತಿಫಲಿಸುತ್ತದೆ. ಅಂಗೈಯಗಲ ಕಪ್ಪು ಟೇಪು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಅದರ ಮೇಲೆ ಓದಬೇಕು.

ಸೀಳಿದ ಶೀಟುಗಳನ್ನು ಬದಲಾಯಿಸುವಾಗ ಒಣಗಿದ್ದಾಗ ಕತ್ತರಿಸುವುದಾಗಲಿ ಒಡೆಯುವುದಾಗಲಿ ಬೇಡ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಹೊಸದಾಗಿ ಹಗುರ ಪ್ಯಾನೆಲ್ ಹಾಕುವವರು ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗಿನ ಜೊತೆ ಬರುವ ಬಿರುಗಾಳಿಯನ್ನು ನೆನಪಿಡಲಿ. ಸಿಮೆಂಟ್ ಶೀಟು ತನ್ನ ಭಾರಕ್ಕೇ ಕೂತಿರುತ್ತಿತ್ತು, ಹಗುರ ಚಾವಣಿಯನ್ನು ಗಾಳಿ ಎತ್ತುತ್ತದೆ. ಕಂಬಕ್ಕೂ ಅಡ್ಡಪಟ್ಟಿಗೂ ಹಿಡಿದ ಹೆಚ್ಚುವರಿ ಬೋಲ್ಟುಗಳ ಖರ್ಚು ಅಂದಾಜಿನಲ್ಲೇ ಸೇರಿರಬೇಕು. ಬಿಸಿಲಿನಲ್ಲಿರುವ ನೀರಿನ ಟ್ಯಾಂಕಿಗೊಂದು ನೆರಳು, ಪೈಪಿಗೊಂದು ಹೊದಿಕೆಯನ್ನೂ ಅದೇ ಅಂದಾಜಿಗೆ ಸೇರಿಸಿ. ಕಾದ ನೀರನ್ನು ಹಕ್ಕಿ ಕುಡಿಯುವುದಿಲ್ಲ, ಕುಡಿಯದಿದ್ದರೆ ತೇಕಿ ಆರಿಸಲು ಮೈಯಲ್ಲಿ ನೀರೇ ಇರುವುದಿಲ್ಲ.

ಚಾವಣಿಯ ಕೆಲಸ ನಡೆಯುವುದು ಒಂದು ಬ್ಯಾಚು ಹೋಗಿ ಇನ್ನೊಂದು ಬರುವ ನಡುವಿನ ಹದಿನೈದು ದಿನದಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ಮಾರುವ ಹಕ್ಕಿಯ ಮರಿ ಮಾರ್ಚ್ ಆರಂಭಕ್ಕೇ ಶೆಡ್ಡಿಗೆ ಇಳಿಯುತ್ತದೆ, ಅಂದರೆ ಫೆಬ್ರವರಿಯ ಖಾಲಿ ಅವಧಿಯಲ್ಲಿ ಕೆಲಸ ಮುಗಿದಿರಬೇಕು. ಅರ್ಜಿ, ಸ್ಥಳ ಪರಿಶೀಲನೆ, ಮಂಜೂರಾತಿ ಎಲ್ಲಕ್ಕೂ ಸಮಯ ಬಿಟ್ಟು ನೋಡಿದರೆ ಟಿಪ್ಪಣಿ ನವೆಂಬರಿನಲ್ಲೇ ಬ್ಯಾಂಕಿನ ಮೇಜಿಗೆ ಹೋಗಬೇಕು, ಹಿಂದಿನ ಬೇಸಿಗೆಯ ಅಳತೆಗಳೂ ಬ್ಯಾಚ್ ಚೀಟಿಗಳೂ ಅದಕ್ಕೆ ಲಗತ್ತಾಗಿರಬೇಕು.